ಆರು ಲಕ್ಷದ ಪತ್ರ, 36,800ರ ಸಂಬಳ

ಆರು ಲಕ್ಷ ಎಂದರೆ ತಿಂಗಳಿಗೆ ಐವತ್ತು ಸಾವಿರ. ಮಗಳಿಗೆ ಆಫರ್ ಲೆಟರ್ ಬಂದ ದಿನ ಮನೆಯವರೆಲ್ಲ ಹಾಕುವ ಮೊದಲ ಲೆಕ್ಕ ಇದು. ಶಿಕ್ಷಣ ಸಾಲದ ಕಂತು, ಬೆಂಗಳೂರಿನ ಪಿಜಿ ಬಾಡಿಗೆ, ತಮ್ಮನ ಕಾಲೇಜು ಫೀಸು ಎಲ್ಲವನ್ನೂ ಆ ಐವತ್ತು ಸಾವಿರದಲ್ಲಿ ಅಂದೇ ಹಂಚಿಟ್ಟಿರುತ್ತಾರೆ. ಮೊದಲ ತಿಂಗಳ ಕೊನೆಗೆ ಖಾತೆಗೆ 36,800 ರೂಪಾಯಿ ಜಮೆಯಾದಾಗ ಕಂಪನಿ ಮಾತಿಗೆ ತಪ್ಪಿತು ಎಂದೇ ಎಲ್ಲರಿಗೂ ಅನಿಸುತ್ತದೆ. ಸಾಮಾನ್ಯವಾಗಿ ಕಂಪನಿ ಮಾತಿಗೆ ತಪ್ಪಿರುವುದಿಲ್ಲ. ಉಳಿದ 13,200 ರೂಪಾಯಿ ಎಲ್ಲಿದೆ, ಅದರಲ್ಲಿ ಎಷ್ಟು ನಿಮ್ಮ ಕೈಸೇರುತ್ತದೆ, ಯಾವಾಗ ಸೇರುತ್ತದೆ ಎಂಬುದೆಲ್ಲ ನೀವು ಸಹಿ ಹಾಕಿದ ಅದೇ ಪತ್ರದಲ್ಲಿರುತ್ತದೆ. ಆದರೆ ಇರುವುದು ಮೊದಲ ಪುಟದಲ್ಲಲ್ಲ, ಕೊನೆಯ ಅನುಬಂಧದಲ್ಲಿ ಮತ್ತು ನಡುವಿನ ಷರತ್ತುಗಳಲ್ಲಿ.

ಸಂಬಳದ ಪಟ್ಟಿ ಮತ್ತು ನೇಮಕಾತಿ ಪತ್ರಗಳನ್ನು ಸಿದ್ಧಪಡಿಸುವ ಕೆಲಸ ಮಾಡಿದವಳಾಗಿ ನನಗೆ ಒಂದು ವಿಷಯ ಮನದಟ್ಟಾಗಿದೆ. ಹೊಸಬರು ಪತ್ರದಲ್ಲಿ ಮೊತ್ತವನ್ನು ಮಾತ್ರ ಹುಡುಕುತ್ತಾರೆ, ತಾರೀಖುಗಳನ್ನು ನೋಡುವುದಿಲ್ಲ. ಯಾವ ದಿನ ಸೇರುತ್ತೀರಿ, ಯಾವ ದಿನ ಕಾಯಂ ಆಗುತ್ತೀರಿ, ಯಾವ ದಿನ ರಾಜೀನಾಮೆ ಕೊಡುತ್ತೀರಿ ಎಂಬುದರ ಮೇಲೆ ಅದೇ ಮೊತ್ತ ದೊಡ್ಡದೂ ಆಗುತ್ತದೆ, ಸಣ್ಣದೂ ಆಗುತ್ತದೆ, ಕೆಲವೊಮ್ಮೆ ಇಲ್ಲವೇ ಆಗುತ್ತದೆ. ಹಾಗಾಗಿ ಒಂದು ಮಾದರಿ ಪತ್ರವನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಓದೋಣ. ಹಾವೇರಿ ಕಡೆಯ ಹುಡುಗಿಯೊಬ್ಬಳು ಬಿ.ಇ. ಮುಗಿಸಿದ್ದಾಳೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಆಕೆಗೆ ವರ್ಷಕ್ಕೆ ಆರು ಲಕ್ಷದ ಸಿಟಿಸಿ ಕೊಟ್ಟಿದೆ ಎಂದುಕೊಳ್ಳಿ. ಹುಡುಗಿಯೂ ಕಂಪನಿಯೂ ಕಲ್ಪಿತ. ಆದರೆ ಲೆಕ್ಕದ ರೀತಿ ನಿಜವಾದ ಪತ್ರಗಳದ್ದೇ.

ಸಿಟಿಸಿಯೊಳಗೆ ಏನೇನಿದೆ

ಒಬ್ಬರನ್ನು ಕೆಲಸಕ್ಕಿಟ್ಟುಕೊಂಡರೆ ಕಂಪನಿಗೆ ವರ್ಷಕ್ಕೆ ಒಟ್ಟು ಎಷ್ಟು ಖರ್ಚು ಬರುತ್ತದೆ ಎಂಬ ಅಂದಾಜೇ ಸಿಟಿಸಿ. ಅದು ಕಂಪನಿಯ ಕಡೆಯಿಂದ ಹಾಕಿದ ಲೆಕ್ಕ. ನಿಮ್ಮ ಪರವಾಗಿ ಬೇರೆಯವರಿಗೆ ಕಟ್ಟುವ ದುಡ್ಡು, ಮುಂದೆಂದೋ ಕೊಡಬೇಕಾಗಬಹುದಾದ ದುಡ್ಡು, ಕೊಟ್ಟರೂ ಕೊಡದಿದ್ದರೂ ಆಗುವ ದುಡ್ಡು ಎಲ್ಲವೂ ಅದರಲ್ಲಿ ಸೇರಿರುತ್ತವೆ.

ನಮ್ಮ ಹುಡುಗಿಯ ಪತ್ರದಲ್ಲಿ ಆರು ಲಕ್ಷ ಹೀಗೆ ಒಡೆದುಕೊಂಡಿದೆ. ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 25,000. ಮನೆ ಬಾಡಿಗೆ ಭತ್ಯೆ 10,000. ವಿಶೇಷ ಭತ್ಯೆ 5,000. ಈ ಮೂರೂ ಸೇರಿದರೆ 40,000. ಪೇ ಸ್ಲಿಪ್ಪಿನಲ್ಲಿ ಗ್ರಾಸ್ ಎಂದು ಕಾಣುವುದು ಇದು. ವರ್ಷಕ್ಕೆ ಇದು 4,80,000 ಆಯಿತು. ಉಳಿದ 1,20,000ದಲ್ಲಿ ವೇರಿಯಬಲ್ ಪೇ 60,000, ಕಂಪನಿ ಕಟ್ಟುವ ಪಿಎಫ್ ಪಾಲು 36,000, ಗ್ರಾಚ್ಯುಟಿ 14,430 ಮತ್ತು ಆರೋಗ್ಯ ವಿಮೆಯ ಕಂತು 9,570. ಮನೆಯವರು ಲೆಕ್ಕ ಹಾಕಿದ ಐವತ್ತು ಸಾವಿರದಲ್ಲಿ ಹತ್ತು ಸಾವಿರ ಪೇ ಸ್ಲಿಪ್ಪಿನ ಗ್ರಾಸ್‌ಗೇ ಬರುವುದಿಲ್ಲ.

ಬಂದ ನಲವತ್ತು ಸಾವಿರದಲ್ಲೂ ಎರಡು ಕಡಿತಗಳಿವೆ. ಒಂದು ನೌಕರರ ಪಾಲಿನ ಪಿಎಫ್, ಬೇಸಿಕ್‌ನ ಶೇ 12ರಂತೆ 3,000. ಇನ್ನೊಂದು ರಾಜ್ಯ ಸರ್ಕಾರದ ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಇದು ತಿಂಗಳಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಲ್ಲಿ ಮಾತ್ರ 300 ಹಿಡಿಯುತ್ತಾರೆ. ಆದಾಯ ತೆರಿಗೆಯ ಚಿಂತೆ ಈ ಹಂತದಲ್ಲಿ ಬೇಡ. 2025–26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರು ವರ್ಷಕ್ಕೆ 12,75,000ದವರೆಗೆ ತೆರಿಗೆ ಕಟ್ಟಬೇಕಾಗಿಲ್ಲ. ಹೀಗೆ ಕೈಗೆ ಬರುವುದು 36,800.

ಆ 13,200ರಲ್ಲಿ ನಿಜವಾಗಿ ಕಳೆದುಹೋದದ್ದು ಎಷ್ಟು ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿದೆ. ಪಿಎಫ್‌ಗೆ ಹೋದ ಎರಡೂ ಪಾಲು, ಒಟ್ಟು 6,000, ಆಕೆಯದ್ದೇ ದುಡ್ಡು. ಭವಿಷ್ಯನಿಧಿ ಸಂಸ್ಥೆ 2024–25ಕ್ಕೆ ಅದರ ಮೇಲೆ ಶೇ 8.25 ಬಡ್ಡಿ ಕೊಟ್ಟಿದೆ. ಹಳಬರ ವಿಷಯದಲ್ಲಿ ಕಂಪನಿಯ ಪಾಲಿನಿಂದ ತಿಂಗಳಿಗೆ 1,250 ರೂಪಾಯಿವರೆಗೆ ಪಿಂಚಣಿ ಯೋಜನೆಗೆ ಹೋಗುತ್ತದೆ. ಆದರೆ 2014ರ ಸೆಪ್ಟೆಂಬರ್ ನಂತರ ಮೊದಲ ಬಾರಿಗೆ ಕೆಲಸಕ್ಕೆ ಸೇರಿ, ಸೇರುವಾಗಲೇ ಪಿಎಫ್ ಲೆಕ್ಕದ ವೇತನ 15,000 ದಾಟಿದ್ದವರು ಆ ಯೋಜನೆಗೆ ಸೇರುವಂತಿಲ್ಲ. ಅವರ ಪೂರ್ತಿ ದುಡ್ಡು ಪಿಎಫ್ ಖಾತೆಗೇ ಬರಬೇಕು. ಕೆಲವು ಕಂಪನಿಗಳ ಪೇರೋಲ್‌ನಲ್ಲಿ ಇದು ತಪ್ಪುತ್ತದೆ. ಪಾಸ್‌ಬುಕ್ ತೆರೆದು ನೋಡಿದಾಗ ಪಿಂಚಣಿಯ ಕಾಲಂನಲ್ಲಿ 1,250 ಕಂಡರೆ ತಕ್ಷಣ ಎಚ್‌ಆರ್‌ಗೆ ಬರೆದು ಸರಿಪಡಿಸಿಕೊಳ್ಳಬೇಕು. ವರ್ಷಗಳ ನಂತರ ದುಡ್ಡು ತೆಗೆಯುವಾಗ ಇಂಥ ತಪ್ಪೇ ಅರ್ಜಿಯನ್ನು ತಡೆಯುತ್ತದೆ.

ಪಿಎಫ್‌ನಲ್ಲಿ ಇನ್ನೊಂದು ವ್ಯತ್ಯಾಸವಿದೆ. ಕಾನೂನಿನ ಈಗಿನ ವೇತನ ಮಿತಿ 15,000. ಅದರ ಶೇ 12, ಅಂದರೆ 1,800 ಕಟ್ಟಿದರೆ ಕಂಪನಿಯ ಕರ್ತವ್ಯ ಮುಗಿಯುತ್ತದೆ. ಹಲವು ಕಂಪನಿಗಳು ಅಷ್ಟನ್ನೇ ಕಟ್ಟುತ್ತವೆ. ನಮ್ಮ ಹುಡುಗಿಯ ಕಂಪನಿಯೂ ಹಾಗೆ ಮಾಡಿ, ಉಳಿದ 1,200ನ್ನು ವಿಶೇಷ ಭತ್ಯೆಗೆ ಸೇರಿಸಿದ್ದರೆ ಆಕೆಯ ಕೈಗೆ ತಿಂಗಳಿಗೆ 2,400 ಹೆಚ್ಚು ಬರುತ್ತಿತ್ತು, ಉಳಿತಾಯ ಅಷ್ಟೇ ಕಡಿಮೆ ಆಗುತ್ತಿತ್ತು. ಸಿಟಿಸಿ ಮಾತ್ರ ಆರು ಲಕ್ಷವೇ. ಸ್ನೇಹಿತೆಯೊಬ್ಬಳಿಗೂ ಆರು ಲಕ್ಷವೇ ಇದ್ದು ಅವಳ ಕೈಗೆ ಹೆಚ್ಚು ಬರುತ್ತಿದ್ದರೆ, ಮೊದಲು ನೋಡಬೇಕಾದ ಸಾಲು ಇದು.

ಗ್ರಾಚ್ಯುಟಿಯ ಸಾಲು ಬೇರೆಯದೇ ಕಥೆ. ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನದಂತೆ, ತಿಂಗಳಿಗೆ 26 ದಿನ ಎಂದು ಲೆಕ್ಕ ಹಿಡಿದು, ಕೆಲಸ ಬಿಡುವಾಗ ಕೊಡುವ ಮೊತ್ತ ಅದು. ಬೇಸಿಕ್‌ನ ಶೇ 4.81 ಎಂದು ಪತ್ರಗಳಲ್ಲಿ ಕಾಣುವ ಅಂಕಿ ಈ ಲೆಕ್ಕದಿಂದಲೇ ಹುಟ್ಟಿದ್ದು. ಆದರೆ ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಮುಗಿಯುವವರೆಗೆ ಆ ಹಕ್ಕು ಬರುವುದಿಲ್ಲ. ಐದು ವರ್ಷ ನಿಂತರೆ, ಬೇಸಿಕ್ ಏರದೆ ಇದ್ದರೂ, 72,000 ರೂಪಾಯಿಗಿಂತ ಸ್ವಲ್ಪ ಹೆಚ್ಚು ಕೈಸೇರುತ್ತದೆ. ಎರಡು ವರ್ಷಕ್ಕೆ ಕಂಪನಿ ಬದಲಿಸಿದರೆ, ಪ್ರತಿವರ್ಷ ಸಿಟಿಸಿಯಲ್ಲಿ ಎಣಿಸಿದ 14,430ರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಮಾತ್ರ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಕೊಡುತ್ತವೆ. ಹಾಗಾಗಿ ಪತ್ರದಲ್ಲಿ ನಿಮ್ಮನ್ನು ಕಾಯಂ ನೌಕರಿಗೆ ತೆಗೆದುಕೊಂಡಿದ್ದಾರೋ, ಇಷ್ಟು ತಿಂಗಳ ಕರಾರಿಗೋ ಎಂಬುದನ್ನು ಓದಿಕೊಳ್ಳಿ. ಅದೇ ಸಂಹಿತೆಗಳ ಪ್ರಕಾರ ಗ್ರಾಚ್ಯುಟಿಯಂಥ ಲೆಕ್ಕಗಳಿಗೆ ಹಿಡಿಯುವ ವೇತನ ಒಟ್ಟು ಸಂಭಾವನೆಯ ಅರ್ಧಕ್ಕಿಂತ ಕಡಿಮೆ ಇರುವಂತಿಲ್ಲ. ಬೇಸಿಕ್ ಅನ್ನು ತೀರಾ ಸಣ್ಣದಾಗಿಟ್ಟು ಭತ್ಯೆಗಳನ್ನು ಉಬ್ಬಿಸುವ ಹಳೆಯ ಪದ್ಧತಿಗೆ ಇದರಿಂದ ತಡೆ ಬಿದ್ದಿದೆ.

ವಿಮೆಯ ಬಗ್ಗೆ ಒಂದೇ ಮಾತು. ಅದು ನಿಮಗೊಬ್ಬರಿಗೋ, ಅಪ್ಪ ಅಮ್ಮನನ್ನೂ ಸೇರಿಸಬಹುದೋ ಎಂದು ಕೇಳಿ. ಸೇರಿಸುವುದಾದರೆ ಅವರ ಕಂತು ನಿಮ್ಮ ಸಂಬಳದಿಂದ ಕಡಿತವಾಗಬಹುದು.

ಬಂದರೆ ಬಂತು ಎನ್ನುವ ಅರವತ್ತು ಸಾವಿರ

ವೇರಿಯಬಲ್ ಪೇ ಎಂದು ಪತ್ರದಲ್ಲಿ ಬರೆದಿರುವ ಮೊತ್ತ ಒಂದು ಗುರಿ. ಕಂಪನಿಯೂ ನೀವೂ ಅಂದುಕೊಂಡಂತೆ ಮಾಡಿದರೆ ಇಷ್ಟು ಎಂದು ಅದರ ಅರ್ಥ. ಎಷ್ಟು ಕೊಡಬೇಕೆಂದು ತೀರ್ಮಾನಿಸಲು ಸಾಮಾನ್ಯವಾಗಿ ಎರಡು ಗುಣಕಗಳಿರುತ್ತವೆ. ಒಂದು ಕಂಪನಿಯ ಅಥವಾ ನಿಮ್ಮ ವಿಭಾಗದ ಆ ವರ್ಷದ ಸಾಧನೆ, ಇನ್ನೊಂದು ನಿಮ್ಮ ಮ್ಯಾನೇಜರ್ ಕೊಟ್ಟ ರೇಟಿಂಗ್. ಎರಡನ್ನೂ ಗುಣಿಸುತ್ತಾರೆ ಎಂಬುದು ಮುಖ್ಯ. ಒಂದು ತಗ್ಗಿದರೆ ಇನ್ನೊಂದು ಅದನ್ನು ಪೂರ್ತಿ ಕಾಪಾಡಲಾರದು.

ನಮ್ಮ ಹುಡುಗಿ ಸೆಪ್ಟೆಂಬರ್ 1ಕ್ಕೆ ಸೇರಿದಳು ಎಂದಿಟ್ಟುಕೊಳ್ಳಿ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಕೆ ದುಡಿದದ್ದು ಏಳು ತಿಂಗಳು, ಹಾಗಾಗಿ 60,000 ಮೊದಲಿಗೇ 35,000ಕ್ಕೆ ಇಳಿಯಿತು. ಆ ವರ್ಷ ಕಂಪನಿ ತನ್ನ ಗುಣಕವನ್ನು ಶೇ 80 ಎಂದು ಘೋಷಿಸಿತು, ಆಕೆಯ ರೇಟಿಂಗ್‌ಗೆ ಶೇ 90 ಸಿಕ್ಕಿತು. ಎರಡನ್ನೂ ಗುಣಿಸಿದರೆ ಶೇ 72. ಕೈಗೆ ಬರಬೇಕಾದದ್ದು 25,200. ರೇಟಿಂಗ್ ಮುಗಿದು, ಮೇಲಿನವರ ಒಪ್ಪಿಗೆ ಸಿಕ್ಕು, ಜೂನ್ ತಿಂಗಳ ಸಂಬಳದ ಜೊತೆ ಅದು ಜಮೆಯಾಗುತ್ತದೆ.

ಎಷ್ಟೋ ಮಕ್ಕಳು ದುಡ್ಡು ಕಳೆದುಕೊಳ್ಳುವುದು ಮಾರ್ಚ್ ಮತ್ತು ಜೂನ್ ನಡುವಿನ ಈ ಅವಧಿಯಲ್ಲೇ. ವೇರಿಯಬಲ್ ಪಾವತಿಯಾಗುವ ದಿನ ನೌಕರರು ಕಂಪನಿಯಲ್ಲಿ ಕೆಲಸದಲ್ಲಿರಬೇಕು, ರಾಜೀನಾಮೆ ಕೊಟ್ಟಿರಬಾರದು ಎಂಬ ಷರತ್ತು ಹೆಚ್ಚಿನ ಪತ್ರಗಳಲ್ಲಿ ಇರುತ್ತದೆ. ಮೇ ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತೆಂದು ರಾಜೀನಾಮೆಯ ಮೇಲ್ ಕಳಿಸಿದರೆ, ಏಳು ತಿಂಗಳು ದುಡಿದ ವೇರಿಯಬಲ್ ಅಲ್ಲಿಗೆ ಹೋಯಿತು. ನೋಟಿಸ್ ಅವಧಿಯಲ್ಲಿ ಆಕೆ ಜೂನ್‌ನಲ್ಲೂ ಕಚೇರಿಗೆ ಬರುತ್ತಿದ್ದರೂ ಅಷ್ಟೆ. ಕೆಲವು ಕಂಪನಿಗಳಲ್ಲಿ ವರ್ಷದ ಕೊನೆಯ ಕೆಲವು ತಿಂಗಳಲ್ಲಿ ಸೇರಿದವರಿಗೆ ಆ ವರ್ಷದ ವೇರಿಯಬಲ್ ಇರುವುದೇ ಇಲ್ಲ, ಇನ್ನು ಕೆಲವೆಡೆ ಪ್ರೊಬೇಷನ್ ಮುಗಿದ ಮೇಲೆಯೇ ಎಣಿಕೆ ಶುರು. ಸೇರುವ ತಾರೀಖನ್ನು ಒಂದೆರಡು ವಾರ ಆಚೆ ಈಚೆ ಮಾಡಿಕೊಳ್ಳುವ ಅವಕಾಶ ಇದ್ದರೆ ಈ ಷರತ್ತು ಓದಿದ ಮೇಲೆ ಮಾಡಿಕೊಳ್ಳಿ.

ವೇರಿಯಬಲ್ ಕುರಿತು ಎಚ್‌ಆರ್‌ಗೆ ಕೇಳಬೇಕಾದ ಒಳ್ಳೆಯ ಪ್ರಶ್ನೆ ಎಷ್ಟು ಎಂಬುದಲ್ಲ. ಕಳೆದ ವರ್ಷ ನನ್ನದೇ ದರ್ಜೆಯವರಿಗೆ ಶೇಕಡ ಎಷ್ಟು ಸಿಕ್ಕಿತು, ಯಾವ ತಿಂಗಳಲ್ಲಿ ಸಿಕ್ಕಿತು ಎಂದು ಕೇಳಿ. ಅದೇ ಕಂಪನಿಯಲ್ಲಿರುವ ನಿಮ್ಮ ಕಾಲೇಜಿನ ಸೀನಿಯರ್ ಇದಕ್ಕೆ ಎಚ್‌ಆರ್‌ಗಿಂತ ನೇರವಾಗಿ ಉತ್ತರ ಕೊಡುತ್ತಾರೆ.

ಸೇರುವಾಗ ಒಮ್ಮೆಗೇ ಕೊಡುವ ಜಾಯ್ನಿಂಗ್ ಬೋನಸ್‌ಗೂ ತಾರೀಖಿನ ಕೊಂಡಿ ಇದೆ. ಒಂದು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂಬುದು ಸಾಮಾನ್ಯ ಷರತ್ತು. ಹನ್ನೊಂದು ತಿಂಗಳು ದುಡಿದವರೂ ಪೂರ್ತಿ ಕೊಡಬೇಕೋ, ಉಳಿದ ಒಂದು ತಿಂಗಳಿನಷ್ಟು ಮಾತ್ರವೋ ಎಂದು ಸಹಿ ಹಾಕುವ ಮೊದಲೇ ತಿಳಿದುಕೊಳ್ಳಿ. ಆ ದುಡ್ಡಿನಲ್ಲಿ ಬೈಕ್ ಕೊಂಡವರಿಗೆ ವರ್ಷ ತುಂಬುವವರೆಗೆ ಅದು ಸಾಲವಿದ್ದಂತೆಯೇ.

ಪ್ರೊಬೇಷನ್, ಅದಕ್ಕೂ ಮೊದಲು ಟ್ರೇನಿಂಗ್

ಪ್ರೊಬೇಷನ್ ಎಂದರೆ ಎರಡೂ ಕಡೆಯವರು ಪರಸ್ಪರ ನೋಡಿಕೊಳ್ಳುವ ಅವಧಿ. ಆರು ತಿಂಗಳು ಇರುವುದು ಹೆಚ್ಚು. ಸಂಬಳ, ಪಿಎಫ್ ಎಲ್ಲ ಮೊದಲ ದಿನದಿಂದಲೇ ಶುರುವಾಗುತ್ತವೆ. ವ್ಯತ್ಯಾಸ ಇರುವುದು ಮುಖ್ಯವಾಗಿ ನೋಟಿಸ್ ಅವಧಿಯಲ್ಲಿ. ಪ್ರೊಬೇಷನ್‌ನಲ್ಲಿ ಹದಿನೈದು ದಿನ ಅಥವಾ ಒಂದು ತಿಂಗಳು ಇದ್ದದ್ದು, ಕಾಯಂ ಆದ ಮೇಲೆ ಎರಡು ಅಥವಾ ಮೂರು ತಿಂಗಳಿಗೆ ಏರುತ್ತದೆ.

ಪತ್ರದಲ್ಲಿ ಹುಡುಕಬೇಕಾದ ಸಾಲು, ಆರು ತಿಂಗಳು ಮುಗಿದ ಮಾರನೆಯ ದಿನ ನೀವು ಏನಾಗುತ್ತೀರಿ ಎಂಬುದು. ಬರವಣಿಗೆಯಲ್ಲಿ ಕಾಯಂ ಪತ್ರ ಕೊಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ ಎಂದು ಬರೆದಿದ್ದರೆ, ಎಂಟನೆಯ ತಿಂಗಳಲ್ಲೂ ನೀವು ಪ್ರೊಬೇಷನ್‌ನಲ್ಲೇ ಇದ್ದೀರಿ. ಯಾರೂ ಏನೂ ಹೇಳಲಿಲ್ಲ, ಹಾಗಾಗಿ ಕಾಯಂ ಆಗಿರಬೇಕು ಎಂದುಕೊಳ್ಳುವಂತಿಲ್ಲ. ಅವಧಿ ಮುಗಿಯುವ ಎರಡು ವಾರ ಮುಂಚೆ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಮೇಲ್ ಮಾಡಿ, ನನ್ನ ಕಾಯಂ ಪತ್ರ ಯಾವಾಗ ಬರುತ್ತದೆ ಎಂದು ಕೇಳುವುದು ಸರಿಯಾದ ಕ್ರಮ. ಕಾನೂನಿನ ಕಡೆಯಿಂದಲೂ ಆರು ತಿಂಗಳಿಗೆ ಮಹತ್ವವಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆರು ತಿಂಗಳು ನಿರಂತರವಾಗಿ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ಸೇರಿದ ಮೂವತ್ತು ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ಕ್ಯಾಂಪಸ್‌ನಲ್ಲಿ ಸಿಗುವ ಆಫರ್ ಲೆಟರ್ ಒಂದು ಕಾಗದ, ಸೇರಿದ ಮೇಲೆ ಸಿಗುವ ನೇಮಕಾತಿ ಪತ್ರ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಮೊದಲನೆಯದರಲ್ಲಿ ಇಲ್ಲದ ಷರತ್ತು ಎರಡನೆಯದರಲ್ಲಿ ಬಂದಿದ್ದರೆ ಅಂದೇ ಕೇಳಬೇಕು.

ಕೆಲವು ದೊಡ್ಡ ಕಂಪನಿಗಳಲ್ಲಿ ಪ್ರೊಬೇಷನ್‌ಗಿಂತ ಮೊದಲು ಟ್ರೇನಿಂಗ್ ಎಂಬ ಹಂತವಿದೆ. ಅದು ಬೇರೆಯೇ ಸ್ಥಿತಿ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ಕಂಪನಿ ತನ್ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೇನಿಗಳನ್ನು ಕಳಿಸಿಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಅವರಲ್ಲಿ ಹಲವರು 2022ರಲ್ಲೇ ಆಫರ್ ಪಡೆದು, ಸೇರುವ ದಿನಕ್ಕಾಗಿ ಎರಡು ವರ್ಷದಷ್ಟು ಕಾದವರು. ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಮೂರು ಅವಕಾಶ ಕೊಡುತ್ತೇವೆ, ಆಗದಿದ್ದರೆ ಮುಂದುವರಿಯಲಾಗದು ಎಂದು ಕರಾರಿನಲ್ಲೇ ಇದೆ ಎಂಬುದು ಕಂಪನಿಯ ಉತ್ತರವಾಗಿತ್ತು. ಕೇಂದ್ರ ಕಾರ್ಮಿಕ ಸಚಿವಾಲಯ ಪರಿಶೀಲಿಸುವಂತೆ ರಾಜ್ಯಕ್ಕೆ ಬರೆಯಿತು, ರಾಜ್ಯದ ಕಾರ್ಮಿಕ ಅಧಿಕಾರಿಗಳು ಕ್ಯಾಂಪಸ್‌ಗೆ ಹೋಗಿ ಬಂದರು. ಎರಡು ವರ್ಷ ಕಾಯಿಸಿ ಕೆಲವೇ ತಿಂಗಳಲ್ಲಿ ಕಳಿಸುವುದು ಆ ಮಕ್ಕಳಿಗೆ ಎಷ್ಟು ಕಠಿಣವಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಆದರೆ ನೇಮಕಾತಿ ಕಾಗದ ಓದುವವರಿಗೆ ಅದರಲ್ಲಿ ಗಮನಿಸಬೇಕಾದ ಅಂಶವಿದೆ. ನಿಮ್ಮನ್ನು ಟ್ರೇನಿ ಎಂದು ಕರೆದಿದ್ದಾರೋ ನೌಕರರೆಂದೋ, ಎಷ್ಟು ಪರೀಕ್ಷೆಗಳಿವೆ, ಎಷ್ಟು ಅಂಕ ಬೇಕು, ಎಷ್ಟು ಅವಕಾಶ, ಟ್ರೇನಿಂಗ್ ಕಾಲದಲ್ಲಿ ಪೂರ್ತಿ ಸಂಬಳವೋ ಸ್ಟೈಪೆಂಡೋ ಎಂಬುದು ಕಾಗದದಲ್ಲಿ ಇರಬೇಕು. ಇಲ್ಲದಿದ್ದರೆ ಸೇರುವ ಮೊದಲು ಮೇಲ್‌ನಲ್ಲಿ ಕೇಳಿ ಉತ್ತರ ಪಡೆಯಬೇಕು. ಇನ್ನೊಂದು ಕೆಲಸದ ಆಫರ್ ಕೈಯಲ್ಲಿದ್ದಾಗ ಯಾವುದನ್ನು ಬಿಡಬೇಕೆಂದು ತೀರ್ಮಾನಿಸಲು ಈ ಉತ್ತರವೇ ಬೇಕಾಗುತ್ತದೆ.

ಬಿಡುವಾಗಿನ ಮೂರು ತಿಂಗಳು

ಮೊದಲ ಕೆಲಸಕ್ಕೆ ಸೇರುವವರಿಗೆ ಬಿಡುವ ಮಾತು ದೂರದ್ದಾಗಿ ಕಾಣುತ್ತದೆ. ಆದರೆ ನೋಟಿಸ್ ಪೀರಿಯಡ್ ಬಗ್ಗೆ ಮಾತಾಡಲು ಅವಕಾಶ ಇರುವುದು ಸೇರುವ ಮೊದಲೇ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 90 ದಿನದ ನೋಟಿಸ್ ಸಾಮಾನ್ಯವಾಗಿಬಿಟ್ಟಿದೆ. ರಾಜೀನಾಮೆ ಕೊಟ್ಟ ದಿನದಿಂದ ಮೂರು ತಿಂಗಳು ಅಲ್ಲೇ ಕೆಲಸ ಮಾಡಬೇಕು. ಹೊಸ ಕಂಪನಿ ಅಷ್ಟು ದಿನ ಕಾಯಲು ಒಪ್ಪದಿದ್ದರೆ ಉಳಿದ ದಿನಗಳಿಗೆ ದುಡ್ಡು ಕಟ್ಟಿ ಹೊರಡಬಹುದೇ ಎಂಬ ಪ್ರಶ್ನೆ ಬರುತ್ತದೆ.

ಇಲ್ಲಿ ಎರಡು ಪದಗುಚ್ಛಗಳು ಹಣೆಬರಹ ಬರೆಯುತ್ತವೆ. ಒಂದು, ದುಡ್ಡು ಕಟ್ಟುವ ಲೆಕ್ಕ ಬೇಸಿಕ್ ಮೇಲೋ ಗ್ರಾಸ್ ಮೇಲೋ. ನಮ್ಮ ಹುಡುಗಿ ಮೂವತ್ತು ದಿನ ಕೆಲಸ ಮಾಡಿ ಉಳಿದ ಅರವತ್ತು ದಿನಕ್ಕೆ ದುಡ್ಡು ಕಟ್ಟುವುದಾದರೆ, ಬೇಸಿಕ್ ಲೆಕ್ಕದಲ್ಲಿ 50,000, ಗ್ರಾಸ್ ಲೆಕ್ಕದಲ್ಲಿ 80,000. ಎರಡು, ದುಡ್ಡು ಕಟ್ಟುವ ಆಯ್ಕೆ ಯಾರದ್ದು. ನೋಟಿಸ್ ಅಥವಾ ಅದರ ಬದಲು ಸಂಬಳ ಎಂದಷ್ಟೇ ಬರೆದಿದ್ದರೆ ಎರಡೂ ಕಡೆಯವರಿಗೆ ಆಯ್ಕೆ ಇದೆ. ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂದಿದ್ದರೆ, ನೀವು ದುಡ್ಡು ಹಿಡಿದುಕೊಂಡು ನಿಂತರೂ ಮ್ಯಾನೇಜರ್ ಒಪ್ಪದೆ ಬಿಡುಗಡೆ ಇಲ್ಲ. ನೌಕರರು 90 ದಿನ ಕೊಡಬೇಕು, ಕಂಪನಿ 30 ದಿನ ಕೊಟ್ಟರೆ ಸಾಕು ಎಂಬ ಏಕಪಕ್ಷೀಯ ಷರತ್ತನ್ನೂ ನಾನು ಕಂಡಿದ್ದೇನೆ. ಇದು ನ್ಯಾಯವಲ್ಲ. ಹೊಸಬರು ಕೇಳಿದರೆ ದೊಡ್ಡ ಕಂಪನಿಗಳು ಬದಲಿಸುವುದು ಅಪರೂಪ, ಸಣ್ಣ ಕಂಪನಿಗಳು ಬದಲಿಸಿದ್ದುಂಟು. ವಿನಯದಿಂದ ಕೇಳಿದ್ದಕ್ಕೆ ಆಫರ್ ವಾಪಸ್ ಪಡೆದದ್ದನ್ನು ನಾನು ನೋಡಿಲ್ಲ.

ನೋಟಿಸ್ ಮುಗಿಸದೆ, ಹೇಳದೆ ಕೇಳದೆ ಹೋದರೆ ಪೊಲೀಸರು ಬರುವುದಿಲ್ಲ. ಆದರೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ. ಮುಂದಿನ ಕಂಪನಿ ನಿಮ್ಮ ಹಿನ್ನೆಲೆ ಪರಿಶೀಲಿಸುವಾಗ ಹಳೆಯ ಕಂಪನಿಯಿಂದ ಹೇಳದೆ ಹೋದವರು ಎಂಬ ಉತ್ತರ ಬರುತ್ತದೆ. ಮೊದಲ ಕೆಲಸದ ಅನುಭವವೇ ಲೆಕ್ಕಕ್ಕೆ ಸಿಗದಂತಾಗುತ್ತದೆ. ಕ್ರಮವಾಗಿ ಬಿಡುವವರು ರಾಜೀನಾಮೆಯನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಮೇಲ್‌ನಲ್ಲೂ ಕಳಿಸುತ್ತಾರೆ, ಕೊನೆಯ ಕೆಲಸದ ದಿನವನ್ನು ಎಚ್‌ಆರ್‌ನಿಂದ ಬರವಣಿಗೆಯಲ್ಲಿ ಪಡೆಯುತ್ತಾರೆ. ಲ್ಯಾಪ್‌ಟಾಪ್ ಮರಳಿಸಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳುತ್ತಾರೆ, ಪಿಎಫ್ ಖಾತೆಯಲ್ಲಿ ಬಿಟ್ಟ ತಾರೀಖು ದಾಖಲಾಗಿದೆಯೇ ಎಂದು ನೋಡುತ್ತಾರೆ. ಫುಲ್ ಅಂಡ್ ಫೈನಲ್ ಎಂಬ ಕೊನೆಯ ಲೆಕ್ಕವನ್ನು ಕಂಪನಿಗಳು ಒಂದು ಒಂದೂವರೆ ತಿಂಗಳು ಎಳೆಯುವುದು ಅಭ್ಯಾಸವಾಗಿತ್ತು. ಹೊಸ ವೇತನ ಸಂಹಿತೆಯ ಪ್ರಕಾರ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ತಡವಾದರೆ ಈ ನಿಯಮವನ್ನು ಉಲ್ಲೇಖಿಸಿ ಬರೆಯಿರಿ.

ಬಾಂಡ್ ಇರುವ ಪತ್ರಗಳಲ್ಲಿ ಇನ್ನೊಂದು ಹೊರೆ ಸೇರುತ್ತದೆ. ಎರಡು ಅಥವಾ ಮೂರು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಲಕ್ಷ ಕೊಡಬೇಕು ಎಂಬ ಕರಾರು ಇದು. ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂದು ಹಾಸ್ಟೆಲುಗಳಲ್ಲಿ ಹೇಳಿಕೊಳ್ಳುವುದುಂಟು. ಅದು ಪೂರ್ತಿ ನಿಜವಲ್ಲ. ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್‌ನ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಕೊಡಬೇಕೆಂಬ ಷರತ್ತಿಗೆ ಒಪ್ಪಿ ಸೇರಿದ ಅಧಿಕಾರಿಯೊಬ್ಬರು ಬೇರೆ ಬ್ಯಾಂಕ್‌ಗೆ ಹೋಗಲು ಆ ದುಡ್ಡನ್ನು ಕಟ್ಟಿ, ನಂತರ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕ್‌ಗೆ ಹೊಸಬರನ್ನು ಆರಿಸಲು ಆಗುವ ಖರ್ಚು ಮತ್ತು ಆ ಅಧಿಕಾರಿಯ ಹುದ್ದೆ, ಸಂಬಳಗಳನ್ನು ನೋಡಿದರೆ ಎರಡು ಲಕ್ಷ ಅತಿಯಲ್ಲ ಎಂಬುದು ಅದರ ಹಿಂದಿನ ವಿಚಾರ. ಇದನ್ನೇ ತಿರುಗಿಸಿ ನೋಡಿದರೆ, ವರ್ಷಕ್ಕೆ ಮೂರು ಲಕ್ಷದ ಹುಡುಗನಿಗೆ ಯಾವ ತರಬೇತಿಯನ್ನೂ ಕೊಡದೆ ಐದು ಲಕ್ಷದ ಬಾಂಡ್ ಬರೆಸಿಕೊಂಡ ಕಂಪನಿಗೆ ಅದೇ ರಕ್ಷೆ ಸಿಗುವುದು ಕಷ್ಟ. 1872ರ ಕರಾರು ಕಾಯ್ದೆ ಕೊಡಿಸುವುದು ನ್ಯಾಯಯುತವಾದ ಪರಿಹಾರವನ್ನು, ಕಾಗದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ಆದರೆ ಕೋರ್ಟ್‌ವರೆಗೆ ಹೋಗುವ ಶಕ್ತಿ ಎಷ್ಟು ಮನೆಗಳಿಗಿದೆ? ಆದ್ದರಿಂದ ಬಾಂಡ್ ಇದ್ದರೆ ಮೊತ್ತ, ಅವಧಿ ಮತ್ತು ಅವಧಿ ಎಣಿಕೆ ಶುರುವಾಗುವ ದಿನ ಇವನ್ನು ನೋಡಿಯೇ ಒಪ್ಪಿಕೊಳ್ಳಿ. ಟ್ರೇನಿಂಗ್ ಮುಗಿದ ದಿನದಿಂದ ಎಣಿಸುವುದಾದರೆ ಎರಡು ವರ್ಷ ಎರಡೂವರೆ ಆಗುತ್ತದೆ. ಅಂಕಪಟ್ಟಿಯ ಮೂಲ ಪ್ರತಿಗಳನ್ನು ತೋರಿಸಿ ವಾಪಸ್ ತನ್ನಿ, ಅಲ್ಲೇ ಬಿಟ್ಟು ಬರಬೇಡಿ.

ಎರಡು ಪತ್ರಗಳು ಒಟ್ಟಿಗೆ ಬಂದರೆ

ನಮ್ಮ ಹುಡುಗಿಗೆ ಇನ್ನೊಂದು ಕಂಪನಿಯಿಂದಲೂ ಆಫರ್ ಬಂತು ಎನ್ನಿ. ಸಿಟಿಸಿ 5,40,000. ವೇರಿಯಬಲ್ ಇಲ್ಲ. ಪಿಎಫ್ 1,800ರ ಲೆಕ್ಕ. ವಿಮೆ ಮತ್ತು ಗ್ರಾಚ್ಯುಟಿಯನ್ನು ಸಿಟಿಸಿಯೊಳಗೆ ಎಣಿಸಿಲ್ಲ. ನೋಟಿಸ್ 30 ದಿನ. ಅರವತ್ತು ಸಾವಿರ ಕಡಿಮೆ ಎಂದು ಮನೆಯಲ್ಲಿ ಇದನ್ನು ಪಕ್ಕಕ್ಕಿಡುವ ಸಾಧ್ಯತೆಯೇ ಹೆಚ್ಚು.

ಲೆಕ್ಕ ಹಾಕಿದರೆ ಕಂಪನಿಯ ಪಿಎಫ್ ಪಾಲು ಕಳೆದು ಗ್ರಾಸ್ ತಿಂಗಳಿಗೆ 43,200. ಆಕೆಯ ಪಿಎಫ್ ಮತ್ತು ವೃತ್ತಿ ತೆರಿಗೆ ಹೋಗಿ ಕೈಗೆ 41,200. ಆರು ಲಕ್ಷದ ಪತ್ರದಲ್ಲಿ ಬಂದದ್ದು 36,800. ಪಿಎಫ್ ಉಳಿತಾಯ ಅಲ್ಲಿ 6,000, ಇಲ್ಲಿ 3,600, ಅದನ್ನೂ ಸೇರಿಸಿಯೇ ನೋಡಬೇಕು. ಮೊದಲ ಪತ್ರಕ್ಕೆ 42,800, ಎರಡನೆಯದಕ್ಕೆ 44,800. ಸಣ್ಣ ಪತ್ರ ತಿಂಗಳಿಗೆ 2,000, ವರ್ಷಕ್ಕೆ 24,000 ಮುಂದಿದೆ. ದೊಡ್ಡ ಪತ್ರ ಅದನ್ನು ಹಿಂದಿಕ್ಕಬೇಕಾದರೆ ಅರವತ್ತು ಸಾವಿರದ ವೇರಿಯಬಲ್‌ನಲ್ಲಿ ಶೇ 40ಕ್ಕಿಂತ ಹೆಚ್ಚು ಪಾವತಿಯಾಗಬೇಕು. ಒಳ್ಳೆಯ ಕಂಪನಿಯಲ್ಲಿ ಅಷ್ಟು ಆಗಬಹುದು. ಮೇಲೆ ಕಂಡ 25,200ರ ಲೆಕ್ಕದಂತೆ ಮೊದಲ ವರ್ಷವೇ ಆಗಬಹುದು, ಏಕೆಂದರೆ ಆ ಏಳು ತಿಂಗಳಲ್ಲಿ ಸಣ್ಣ ಪತ್ರ ಮುಂದೆ ಹೋಗಿದ್ದು 14,000 ಮಾತ್ರ. ಆದರೆ ಅದು ಆಕೆ ಜೂನ್‌ವರೆಗೆ ರಾಜೀನಾಮೆ ಕೊಡದೆ ಅಲ್ಲಿದ್ದರೆ.

ಶಿಕ್ಷಣ ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ, ಜೂನ್‌ವರೆಗೆ ಕಾಯುವುದಿಲ್ಲ. ಅಂಥ ಮನೆಯ ಹುಡುಗಿಗೆ ನಾನು ಎರಡನೆಯ ಪತ್ರವನ್ನು ಹೇಳುತ್ತೇನೆ. ಮೊದಲ ಕಂಪನಿಯಲ್ಲಿ ಕಲಿಯಲು ಸಿಗುವ ಕೆಲಸ ನಿಜಕ್ಕೂ ಉತ್ತಮವಾಗಿದ್ದು, ಸಾಲದ ಒತ್ತಡ ಇಲ್ಲದಿದ್ದರೆ, ಎರಡು ವರ್ಷ ನಿಲ್ಲುವ ಮನಸ್ಸಿದ್ದರೆ ಮೊದಲನೆಯದನ್ನು. ಯಾವುದಕ್ಕೇ ಸಹಿ ಹಾಕಲಿ, ಅದಕ್ಕೆ ಮೊದಲು ಎಚ್‌ಆರ್‌ಗೆ ಒಂದು ಮೇಲ್ ಹೋಗಬೇಕು: ತಿಂಗಳಿಗೆ ಕೈಗೆ ಬರುವ ಮೊತ್ತ ಎಷ್ಟು, ಪಿಎಫ್ ಯಾವ ಲೆಕ್ಕದಲ್ಲಿ, ವೇರಿಯಬಲ್ ಯಾವ ತಿಂಗಳು, ಕಾಯಂ ಪತ್ರ ಯಾವಾಗ, ನೋಟಿಸ್ ಬದಲು ದುಡ್ಡು ಕಟ್ಟುವುದಾದರೆ ಬೇಸಿಕ್ ಮೇಲೋ ಗ್ರಾಸ್ ಮೇಲೋ. ಉತ್ತರವನ್ನು ಕಂಪನಿಯ ಮೇಲ್‌ನಲ್ಲಿ ಬಿಡದೆ ನಿಮ್ಮ ಸ್ವಂತ ಖಾತೆಯಲ್ಲಿ ಉಳಿಸಿಕೊಳ್ಳಿ. ಕೆಲಸ ಬಿಡುವ ದಿನ ಕಂಪನಿಯ ಮೇಲ್ ಮುಚ್ಚುತ್ತದೆ, ಈ ಉತ್ತರಗಳು ಹೆಚ್ಚಾಗಿ ಬೇಕಾಗುವುದೂ ಆಮೇಲೆಯೇ.